ಮೂರು ಸ್ಟೆಂಟ್ ಹಾಕಿದರೆ ಸಾಲದೇ? ಒಂದು ಕೇಸಿನ ಟಿಪ್ಪಣಿ

ರಾಯಚೂರಿನಲ್ಲಿ ಪೋಸ್ಟಿಂಗ್ ಇದ್ದಾಗ ಕಂಡ ಕೇಸ್ ಇದು. ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಸಿಂಧನೂರು ಕಡೆಯ ಭತ್ತದ ರೈತ, ವಯಸ್ಸು 58, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬದುವಿನ ಮೇಲೆ ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಎದೆ ಬಿಗಿಯುತ್ತಿತ್ತು, ನಿಂತರೆ ಇಳಿಯುತ್ತಿತ್ತು.

ಮಣಿಕಟ್ಟಿನ ರಕ್ತನಾಳದಿಂದ ತೆಳು ಕೊಳವೆ ಹಾಕಿ ಆಂಜಿಯೋಗ್ರಾಮ್ ಮಾಡಿದರು. (ನಮ್ಮ ಕಡೆ ಎಲ್ಲರೂ ರಕ್ತನಾಳವನ್ನು 'ನರ' ಅಂತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.) ಹೃದಯದ ಮುಂಭಾಗದ ಮುಖ್ಯ ನಾಳ ಶುರುವಿನಲ್ಲೇ 80%, ಎಡಬದಿಯ ಸುತ್ತುನಾಳ 90%, ಬಲನಾಳ 60% ಕಿರಿದಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆಂಜಿಯೋಗ್ರಾಮಿನಲ್ಲಿ ಕಾಣುವುದು ಬಣ್ಣದ ದ್ರವದ ನೆರಳು ಮಾತ್ರ. ನಾಳದ ಗೋಡೆ ಕಾಣುವುದಿಲ್ಲ. ಹಾಗಾಗಿ ಆ 60% ನಿಜಕ್ಕೂ ರಕ್ತ ತಡೆಯುತ್ತಿದೆಯೋ ಇಲ್ಲವೋ ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೇ ಒತ್ತಡ ಅಳೆಯುವ ತಂತಿ ದಾಟಿಸಿ, ರಕ್ತದ ಹರಿವು ಹೆಚ್ಚಿಸುವ ಔಷಧ ಕೊಟ್ಟು ನೋಡಿದರು. ಬ್ಲಾಕಿನ ಮೊದಲು 100 ಇದ್ದ ಒತ್ತಡ ಆಚೆಗೆ 74, ಅಂದರೆ ಅನುಪಾತ 0.74. 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕನ್ನು ಲೆಕ್ಕಕ್ಕೆ ಹಿಡಿಯಬೇಕು. ಈಗ ಮೂರೂ ನಾಳ ಲೆಕ್ಕಕ್ಕೆ ಬಂದವು. ಬೈಪಾಸ್ ಆಪರೇಷನ್ ಮಾಡಿಸಿ ಅಂತ ಮನೆಯವರಿಗೆ ಹೇಳಿದೆವು.

"ಮೂರು ಸ್ಟೆಂಟ್ ಹಾಕಿದ್ರ ಆಗಂಗಿಲ್ಲೇನ್ರಿ ಸರ್?" ಮಗನ ಪ್ರಶ್ನೆ.

ಹಾಕಬಹುದಿತ್ತು. ಆದರೆ ಸ್ಟೆಂಟ್ ರಿಪೇರಿ ಮಾಡುವುದು ಅದು ಕೂತ ಜಾಗವನ್ನು ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಒಂದು ಕಡೆ ಹೂಳು ತೆಗೆದ ಹಾಗೆ. ಮುಂದಿನ ವರ್ಷ ಅದರ ಹಿಂದೆಯೋ ಮುಂದೆಯೋ ಮತ್ತೆ ಹೂಳು ಕೂತರೆ ಕೊನೆ ಭಾಗದ ಹೊಲಕ್ಕೆ ನೀರಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನಾಳ ಉದ್ದಕ್ಕೂ ಕೆಡುತ್ತದೆ, ಸ್ಟೆಂಟ್ ಒಳಗೂ ಮತ್ತೆ ಕಿರಿದಾಗುವುದು ಜಾಸ್ತಿ. ಬೈಪಾಸಿನ ಹೊಸ ನಾಳ ಕೆಟ್ಟ ಭಾಗವನ್ನೆಲ್ಲ ದಾಟಿ ಕೆಳಗೆ ಹೋಗಿ ಸೇರುತ್ತದೆ. ಜೋಡಣೆಗಿಂತ ಮೇಲೆ ನಾಳೆ ಹೊಸ ಬ್ಲಾಕ್ ಬಂದರೂ ಹೊಲಕ್ಕೆ ನೀರು ಸಿಗುತ್ತದೆ. 2012ರ ಫ್ರೀಡಮ್ ಅಧ್ಯಯನ ಇಂಥ ರೋಗಿಗಳಲ್ಲೇ ನಡೆದದ್ದು. ಬೈಪಾಸ್ ಆದವರಲ್ಲಿ ಸಾವು, ಹೃದಯಾಘಾತ ಕಡಿಮೆ ಇದ್ದವು. ಪಾರ್ಶ್ವವಾಯು ಮಾತ್ರ ಜಾಸ್ತಿ. ಅದನ್ನೂ ಮನೆಯವರಿಗೆ ಹೇಳಲೇಬೇಕು, ಅಲ್ವಾ?

ಇದೇ ಮನುಷ್ಯ ಹೃದಯಾಘಾತವಾಗಿ ಬಂದಿದ್ದರೆ ಇಷ್ಟೆಲ್ಲ ಕೂತು ಯೋಚಿಸಲು ಹೊತ್ತಿರುತ್ತಿರಲಿಲ್ಲ. ಮುಚ್ಚಿದ ನಾಳಕ್ಕೆ ತಕ್ಷಣ ಸ್ಟೆಂಟ್, ಉಳಿದದ್ದರ ವಿಚಾರ ಆಮೇಲೆ. ಒಂದೇ ಕಡೆ ಚಿಕ್ಕ ಬ್ಲಾಕ್ ಇದ್ದರೂ ಸ್ಟೆಂಟ್ ಸಾಕು, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ನಡುವೆ ಸುಮ್ನೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಇನ್ನು ಹೊಲಿಗೆ ಹಾಕಲು ಕೆಳಗೆ ಒಳ್ಳೆಯ ನಾಳವೇ ಉಳಿದಿಲ್ಲದಿದ್ದರೆ, ಅಥವಾ ಶ್ವಾಸಕೋಶ ತೀರಾ ಕೆಟ್ಟಿದ್ದರೆ ಸರ್ಜನ್ನರು ಬೈಪಾಸಿಗೆ ಹಿಂಜರಿಯುತ್ತಾರೆ.

ಆಪರೇಷನ್ ಆದ ಮೇಲೆ ಮಗ ಮತ್ತೆ ಕೇಳಿದ: "ಎದಿ ಆಪರೇಷನ್ನಿಗೆ ಕಾಲಾಗ ಯಾಕ್ರಿ ಗಾಯ?" ಎದೆಗೋಡೆಯ ಒಳಗಿನ ನಾಳವನ್ನು ಮುಂಭಾಗದ ನಾಳಕ್ಕೆ ಜೋಡಿಸಿದ್ದರು. ಅದು ಹತ್ತು ವರ್ಷದ ನಂತರವೂ ಹೆಚ್ಚಿನವರಲ್ಲಿ ತೆರೆದೇ ಇರುತ್ತದೆ. ಉಳಿದ ಎರಡಕ್ಕೆ ಕಾಲಿನ ಅಭಿಧಮನಿ. ಅದರ ಆಯಸ್ಸು ಅಷ್ಟಿಲ್ಲ, ಹತ್ತು ವರ್ಷದಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋಗುತ್ತವೆ. ಇದ್ದ ಒಳ್ಳೆಯ ನಾಳವನ್ನು ಹೃದಯದ ಅತಿ ಹೆಚ್ಚು ಸ್ನಾಯುವಿಗೆ ರಕ್ತ ಕೊಡುವ ಕಡೆಗೇ ಬಳಸಿದ್ದು ಅದಕ್ಕೇ.