ಪ್ರೀತಿಯ ಭಾಷೆ: ಪರೀಕ್ಷೆಯ ಅಂಕಕ್ಕೆ ಸಿಗದ ಕೊರತೆ

ಮೈಸೂರಿನ ನನ್ನ ಆಪ್ತಸಮಾಲೋಚನಾ ಕೊಠಡಿಗೆ ಬಂದ ದಂಪತಿಯೊಬ್ಬರು, ಆನ್‌ಲೈನ್ ಪರೀಕ್ಷೆಯೊಂದರ ಫಲಿತಾಂಶವನ್ನು ಮೊಬೈಲಿನಲ್ಲಿ ತೋರಿಸುತ್ತಲೇ ಮಾತು ಆರಂಭಿಸಿದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಹೆಂಡತಿ ಮಂಡ್ಯದ ಶಾಲೆಯೊಂದರಲ್ಲಿ ಶಿಕ್ಷಕಿ, ದಿನವೂ ರೈಲಿನಲ್ಲಿ ಹೋಗಿಬರುವವರು. ಅವರ ‘ಪ್ರೀತಿಯ ಭಾಷೆ’ ಸೇವೆ ಎಂದು ಪರೀಕ್ಷೆ ಹೇಳಿತ್ತು. ಅಂದಿನಿಂದ ಗಂಡ ತಪ್ಪದೆ ಪಾತ್ರೆ ತೊಳೆಯುತ್ತಿದ್ದರು, ಬೆಳಿಗ್ಗೆ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದರು. ಆದರೂ ಮನೆಯಲ್ಲಿ ಮೌನ ಮುರಿದಿರಲಿಲ್ಲ.

“ಇವರು ಎಲ್ಲ ಕೆಲಸ ಮಾಡ್ತಾರೆ ಮೇಡಂ, ಇಲ್ಲ ಅನ್ನಲ್ಲ. ಆದರೆ ನಮ್ಮಮ್ಮ ಆಸ್ಪತ್ರೇಲಿ ಇದ್ದಾಗ ನೀನು ಹೇಗಿದ್ದೀಯ ಅಂತ ಒಂದು ಸಲಾನೂ ಕೇಳಲಿಲ್ಲ,” ಎಂದರು ಆಕೆ.

‘ಪ್ರೀತಿಯ ಭಾಷೆ’ ಎಂಬ ಈ ಪರಿಕಲ್ಪನೆ ಅಮೆರಿಕದ ಪಾದ್ರಿ ಗ್ಯಾರಿ ಚಾಪ್‌ಮನ್ ಅವರದು. ಚರ್ಚಿಗೆ ಬರುವ ವಿವಾಹಿತರಿಗೆ ಸಲಹೆ ನೀಡುತ್ತಾ ಕಂಡುಕೊಂಡದ್ದನ್ನು ಅವರು 1992ರಲ್ಲಿ ಪುಸ್ತಕವಾಗಿ ಬರೆದರು. ಅದು ಎರಡು ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಗಿದೆ. ಮೆಚ್ಚುಗೆಯ ಮಾತು, ಜೊತೆಯಲ್ಲಿ ಕಳೆಯುವ ಸಮಯ, ಉಡುಗೊರೆ, ಸೇವೆ, ಸ್ಪರ್ಶ ಎಂಬ ಐದು ಭಾಷೆಗಳಿವೆ, ಪ್ರತಿಯೊಬ್ಬರಿಗೂ ಇವುಗಳಲ್ಲಿ ಒಂದು ಮುಖ್ಯ, ಸಂಗಾತಿಯು ಅದರಲ್ಲೇ ಪ್ರೀತಿ ತೋರಿದರೆ ದಾಂಪತ್ಯ ಹದಗೊಳ್ಳುತ್ತದೆ ಎಂಬುದು ಅದರ ತಿರುಳು. ಇದು ಇಷ್ಟು ಹರಡಿದ್ದಕ್ಕೆ ನನಗೆ ಕಾಣುವ ಮುಖ್ಯ ಕಾರಣವೆಂದರೆ, ‘ನಿಮಗೆ ನನ್ನ ಮೇಲೆ ಪ್ರೀತಿಯಿಲ್ಲ’ ಎಂಬ ಆರೋಪವನ್ನು ಅದು ‘ನಿಮ್ಮ ಭಾಷೆ ಬೇರೆ’ ಎಂಬ ತಿಳಿವಳಿಕೆಯಾಗಿ ಮಾರ್ಪಡಿಸುತ್ತದೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲದ ನಮ್ಮ ಕಡೆಯ ಮನೆಗಳಲ್ಲಿ, ಆ ಬಗ್ಗೆ ಮಾತೆತ್ತಲು ಒಂದು ನೆಪ ಸಿಕ್ಕಿದ್ದೇ ದೊಡ್ಡದು. ಈ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ.

ತೊಡಕಿರುವುದು ಪರೀಕ್ಷೆಯ ರಚನೆಯಲ್ಲಿ. ಅದರಲ್ಲಿ 30 ಜೋಡಿ ಹೇಳಿಕೆಗಳಿರುತ್ತವೆ. ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಲೇಬೇಕು. ಅಪ್ಪುಗೆಯೂ ಬೇಕು, ಕೆಲಸದಲ್ಲಿ ನೆರವೂ ಬೇಕು ಎನ್ನುವವರು ನೆರವನ್ನು ಆರಿಸಿದರೆ, ಅಪ್ಪುಗೆಗೆ ಆ ಅಂಕ ತಪ್ಪುತ್ತದೆ. ಹಾಗಾಗಿ ಐದೂ ಸಮನಾಗಿ ಬೇಕಾದವರಿಗೂ ಯಾವುದೋ ಒಂದು ‘ಮುಖ್ಯ ಭಾಷೆ’ ಹುಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ನಾನು ಆ ಶಿಕ್ಷಕಿಗೆ ಐದನ್ನೂ ಬೇರೆ ಬೇರೆಯಾಗಿ 1ರಿಂದ 7ರವರೆಗೆ ಅಳೆಯಲು ಹೇಳಿದೆ. ಸೇವೆಗೂ ಸಮಯಕ್ಕೂ 7, ಮಾತಿಗೂ ಸ್ಪರ್ಶಕ್ಕೂ 6, ಉಡುಗೊರೆಗೆ 4 ಬರೆದರು. ಬಳಿಕ, ಹಿಂದಿನ ಎರಡು ವಾರಗಳಲ್ಲಿ ಇವು ಎಷ್ಟೆಷ್ಟು ಸಿಕ್ಕವು ಎಂದು ಪಕ್ಕದಲ್ಲಿ ಬರೆಸಿದೆ. ಸೇವೆಗೆ 6 ಇತ್ತು, ಸಮಯಕ್ಕೆ 2. ಗಂಡ ಹೆಚ್ಚುಕಡಿಮೆ ತುಂಬಿದ್ದ ಕೊಡಕ್ಕೇ ಮತ್ತೆ ಮತ್ತೆ ನೀರು ಹೊಯ್ಯುತ್ತಿದ್ದರು.

ಸಂಶೋಧನೆ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಕೆನಡಾದ ಮನಶ್ಶಾಸ್ತ್ರಜ್ಞೆ ಎಮಿಲಿ ಇಂಪೆಟ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯಲು ಬಿಟ್ಟಾಗ ಜನ ಐದಕ್ಕೂ ಹೆಚ್ಚಿನ ಅಂಕ ಕೊಡುತ್ತಾರೆ. ಇಬ್ಬರ ಭಾಷೆಯೂ ಹೊಂದಿಕೆಯಾಗುವ ಜೋಡಿಗಳೇ ಹೆಚ್ಚು ಸುಖಿಗಳು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಪ್ರೀತಿಯನ್ನು ಒಂದೇ ಭಾಷೆಗಿಂತ ಹಲವು ಪೋಷಕಾಂಶಗಳು ಬೇಕಾಗುವ ಸಮತೋಲಿತ ಆಹಾರಕ್ಕೆ ಹೋಲಿಸುವುದು ಸರಿ ಎನ್ನುತ್ತಾರೆ ಅವರು. ಇದಕ್ಕೆ ಎದುರಾದ ಫಲಿತಾಂಶವೂ ಇದೆ ಎಂಬುದನ್ನು ಮುಚ್ಚಿಡಬಾರದು: 100 ಜೋಡಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾವು ಬಯಸಿದ ರೀತಿಯಲ್ಲೇ ಸಂಗಾತಿಯಿಂದ ಪ್ರೀತಿ ಸಿಕ್ಕವರಲ್ಲಿ ತೃಪ್ತಿ ಹೆಚ್ಚು ಕಂಡಿತ್ತು. ಆದರೆ ಅಲ್ಲಿ ಉತ್ತರಗಳನ್ನು ಪಡೆದದ್ದು ಒಂದೇ ಸಲ. ಬಯಸಿದ್ದು ಸಿಕ್ಕಿದ್ದರಿಂದ ತೃಪ್ತಿ ಬಂತೋ, ತೃಪ್ತಿ ಇದ್ದುದರಿಂದಲೇ ಬಯಸಿದ್ದೆಲ್ಲ ಸಿಕ್ಕಂತೆ ಕಂಡಿತೋ ಎಂಬುದು ಇಂಥ ಅಧ್ಯಯನದಿಂದ ತಿಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರವಿರುವ ಇನ್ನೊಂದು ಸಂಗತಿಯನ್ನು ಹ್ಯಾರಿ ರೈಸ್ ಮೊದಲಾದ ಮನಶ್ಶಾಸ್ತ್ರಜ್ಞರು ಹಲವು ದಶಕಗಳಿಂದ ಅಧ್ಯಯನ ಮಾಡಿದ್ದಾರೆ: ಸಂಗಾತಿ ನನ್ನನ್ನು ಅರ್ಥ ಮಾಡಿಕೊಂಡಿದ್ದಾನೆ, ನನ್ನ ಭಾವನೆಗೆ ಬೆಲೆ ಕೊಡುತ್ತಾನೆ, ನನ್ನ ಕಾಳಜಿ ಅವನಿಗಿದೆ ಎಂಬ ಅನಿಸಿಕೆ. ಆಸ್ಪತ್ರೆಯ ದಿನಗಳಲ್ಲಿ ಆಕೆಗೆ ಸಿಗದೆ ಹೋದದ್ದು ಇದೇ. ಗಂಡ ಆಗ ಬಿಲ್ ಕಟ್ಟಿದ್ದರು, ಔಷಧ ತಂದಿದ್ದರು. ಪರೀಕ್ಷೆಯ ಲೆಕ್ಕದಲ್ಲಿ ಅದು ಪೂರ್ಣ ಅಂಕದ ಸೇವೆ.

ಸಂಜೆ ರೈಲಿಳಿದು ಮನೆ ಸೇರಿದ ಮೇಲೆ ಇಪ್ಪತ್ತು ನಿಮಿಷ, ಮೊಬೈಲ್ ಬದಿಗಿಟ್ಟು ಇಬ್ಬರೂ ಕೂರಬೇಕು, ಆಕೆ ಹೇಳುವ ಕಷ್ಟಕ್ಕೆ ಕೂಡಲೇ ಪರಿಹಾರ ಸೂಚಿಸದೆ ಗಂಡ ಮೊದಲು ಕೇಳಿಸಿಕೊಳ್ಳಬೇಕು ಎಂದು ಗೊತ್ತುಮಾಡಿಕೊಂಡೆವು. ಎರಡನೆಯದು ಅವರಿಗೆ ಬಹಳ ಕಷ್ಟವಾಯಿತು. ಆರು ವಾರಗಳ ನಂತರ ಮತ್ತೆ ಬರೆಸಿದಾಗ ಸಮಯದ ಅಂಕ 2ರಿಂದ 5ಕ್ಕೆ ಬಂದಿತ್ತು. ಹೆಂಡತಿಗೆ ಹೇಳದೆ ಕೇಳದೆ ಗಂಡ ತಮ್ಮ ತಮ್ಮನಿಗೆ ಕೊಟ್ಟ ಸಾಲದ ವಿಚಾರ ಮಾತ್ರ ಹಾಗೇ ಉಳಿದಿದೆ. ಅದು ಈ ಐದು ಭಾಷೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ, ಭಿನ್ನಾಭಿಪ್ರಾಯವನ್ನು ಇಬ್ಬರೂ ಹೇಗೆ ನಿಭಾಯಿಸುತ್ತಾರೆ ಎಂಬ ಬೇರೆಯೇ ಪ್ರಶ್ನೆ ಅದು. ಈಗ ನಾವು ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.