ಲೇತ್ ಮಾರಿದರೆ ಲಾಭ ಎಲ್ಲಿಂದ ಬಂತು?

“ಸರ, ಹತ್ತು ಲಕ್ಷಕ್ಕ ತಗೊಂಡ ಲೇತ್ ಐದೂವರಿ ಲಕ್ಷಕ್ಕ ಕೊಟ್ಟೀನಿ. ಇದರಾಗ ಲಾಭ ಎಲ್ಲಿಂದ ಬಂತ್ರಿ?”

ಹುಬ್ಬಳ್ಳಿಯ ತಾರಿಹಾಳದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ಗೆಳೆಯರ ಪ್ರಶ್ನೆ ಇದು. ಐದು ವರ್ಷ ಓಡಿಸಿದ ಲೇತ್ ಮಾರಿದ್ದರು. ನಾನು ಬರೆದ ಲೆಕ್ಕಪುಸ್ತಕದಲ್ಲಿ 1,06,295 ರೂಪಾಯಿ ಲಾಭ ಅಂತ ಇತ್ತು. ಅವರಿಗೆ ಸಿಟ್ಟು ಬಂದದ್ದು ಸಹಜ ಅಲ್ವಾ?

ಉತ್ತರ ಇರುವುದು ಸವಕಳಿ ಹಾಕಿದ ರೀತಿಯಲ್ಲಿ, ಅಂದರೆ ಯಂತ್ರ ಹಳೆಯದಾದಂತೆ ಪುಸ್ತಕದಲ್ಲಿ ಅದರ ಬೆಲೆ ವರ್ಷವರ್ಷ ಇಳಿಸಿದ ರೀತಿಯಲ್ಲಿ. ಅವರ ಪುಸ್ತಕದಲ್ಲಿ ರಿಟನ್ ಡೌನ್ ವ್ಯಾಲ್ಯೂ, ಅಂದರೆ ಇಳಿಯುವ ಪದ್ಧತಿ ಇತ್ತು, ಶೇ. 15ರಂತೆ. ಇಲ್ಲಿ ಪ್ರತಿ ವರ್ಷ ಶೇ. 15 ತೆಗೆಯುವುದು ಕೊಂಡ ಬೆಲೆಯ ಮೇಲಲ್ಲ, ಉಳಿದ ಬೆಲೆಯ ಮೇಲೆ. ಮೊದಲ ವರ್ಷ 1,50,000 ಹೋಯಿತು. ಉಳಿದ 8,50,000ದ ಮೇಲೆ ಎರಡನೇ ವರ್ಷ 1,27,500. ಹೀಗೆ ಇಳಿಯುತ್ತಾ ಐದನೇ ವರ್ಷದ ಕೊನೆಗೆ ಪುಸ್ತಕದಲ್ಲಿ ಲೇತ್ ಬೆಲೆ 4,43,705. ಮಾರಿದ್ದು 5,50,000ಕ್ಕೆ. ವ್ಯತ್ಯಾಸವೇ ಆ “ಲಾಭ”.

ಸ್ಟ್ರೇಟ್ ಲೈನ್ ಹಾಕಿದ್ದರೆ? ಆಯಸ್ಸು 15 ವರ್ಷ, ಕೊನೆಗೆ ಗುಜರಿ ಬೆಲೆ 50,000 ಅಂತಿಟ್ಟುಕೊಳ್ಳಿ. ಉಳಿದ 9,50,000ವನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 63,333, ಎಲ್ಲ ವರ್ಷವೂ ಅಷ್ಟೇ. ಐದು ವರ್ಷಕ್ಕೆ ಪುಸ್ತಕದ ಬೆಲೆ ಸುಮಾರು 6,83,333. ಅದೇ ಮಾರಾಟ ಈಗ 1,33,333 ನಷ್ಟ!

ಎರಡರಲ್ಲೂ ಐದು ವರ್ಷದ ಸವಕಳಿಗೆ ನಷ್ಟ ಸೇರಿಸಿ ಅಥವಾ ಲಾಭ ಕಳೆದು ನೋಡಿ. ಸರಿಯಾಗಿ 4,50,000 ಬರುತ್ತದೆ, ಅಂದರೆ ಲೇತ್‌ಗೆ ನಿಜಕ್ಕೂ ಸವೆದ ಹಣ. ಪದ್ಧತಿ ಬದಲಾದರೆ ಯಾವ ವರ್ಷಕ್ಕೆ ಎಷ್ಟು ಅನ್ನುವುದು ಮಾತ್ರ ಬದಲಾಗುತ್ತದೆ.

ಜಾಬ್ ವರ್ಕ್ ರೇಟು ಹೇಳುವಾಗ ಮಾತ್ರ ನನಗೆ ಸ್ಟ್ರೇಟ್ ಲೈನೇ ಇಷ್ಟ. ವರ್ಷಕ್ಕೆ 2,000 ಗಂಟೆ ಓಡಿದರೆ ಗಂಟೆಗೆ ಸುಮಾರು 32 ರೂಪಾಯಿ ಸವಕಳಿ, ಪ್ರತಿ ವರ್ಷವೂ. ಇನ್ನೊಂದರಲ್ಲಿ ಮೊದಲ ವರ್ಷ 75, ಏಳನೇ ವರ್ಷ 28. ಅದೇ ಬುಶ್, ಅದೇ ಲೇತ್, ರೇಟು ಮಾತ್ರ ಬೇರೆ. ಗಿರಾಕಿಗೆ ಏನು ಹೇಳುವುದು? ಆದರೆ ಹೊಸ ಮಷಿನ್ನಿನ ಮಾರುಕಟ್ಟೆ ಬೆಲೆ ಮೊದಲ ವರ್ಷಗಳಲ್ಲೇ ಜಾಸ್ತಿ ಬೀಳುತ್ತದೆ, ರಿಪೇರಿ ಖರ್ಚು ಆಮೇಲೆ ಏರುತ್ತದೆ. ಅದನ್ನು ಇಳಿಯುವ ಪದ್ಧತಿಯೇ ಚೆನ್ನಾಗಿ ಹಿಡಿಯುತ್ತದೆ.

ಆದಾಯ ತೆರಿಗೆಯಲ್ಲಿ ಇಂಥ ವರ್ಕ್‌ಶಾಪ್‌ಗೆ ಆಯ್ಕೆ ಇಲ್ಲ. ಸಾಮಾನ್ಯ ಯಂತ್ರಗಳಿಗೆ ಇಳಿಯುವ ಪದ್ಧತಿಯಲ್ಲೇ ಶೇ. 15. ಹೊಸ ಯಂತ್ರ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಮೊದಲ ವರ್ಷ ಅದರ ಅರ್ಧ. ಅಲ್ಲಿ ಒಂದೊಂದು ಯಂತ್ರದ ಲೆಕ್ಕವೂ ಇಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದೇ ಗುಂಪು, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಗೆಳೆಯರ ಬಳಿ ಡ್ರಿಲ್ಲಿಂಗ್, ಮಿಲ್ಲಿಂಗ್ ಮಷಿನ್‌ಗಳೂ ಇದ್ದವು. ಬ್ಲಾಕಿನ ಮೊತ್ತ 12 ಲಕ್ಷ ದಾಟಿತ್ತು. ಲೇತ್ ಮಾರಿದ 5,50,000 ಅದರಿಂದ ಕಳೆಯಿತು, ಅಷ್ಟೇ. ಆ ವರ್ಷ ಮಾರಾಟದ ಮೇಲೆ ತೆರಿಗೆ ಬೀಳಲಿಲ್ಲ. ಇದ್ದದ್ದು ಅದೊಂದೇ ಲೇತ್ ಆಗಿದ್ದು, ಆ ವರ್ಷ ಬೇರೆ ಯಂತ್ರವನ್ನೂ ಕೊಳ್ಳದಿದ್ದರೆ, 1,06,295ಕ್ಕೆ ತೆರಿಗೆ ಕಟ್ಟಬೇಕಿತ್ತು.

“ಹಂಗಾರ ಪುಸ್ತಕದಾಗಿನ ಲಾಭಕ್ಕ ಈಗ ರೊಕ್ಕ ಕಟ್ಟೂದಿಲ್ಲ?” ಅಂದರು. ಈಗ ಇಲ್ಲ, ಆದರೆ ಬ್ಲಾಕ್ ಸಣ್ಣದಾಯಿತಲ್ಲ, ಮುಂದಿನ ವರ್ಷಗಳ ಸವಕಳಿಯೂ ಅಷ್ಟು ಕಡಿಮೆ ಅಂದೆ.