ನಾಲ್ಕು ನಿಮಿಷದ ವಿಡಿಯೋದಲ್ಲಿ ಮದುವೆ ಶಾಸ್ತ್ರಗಳನ್ನೆಲ್ಲ ಹೇಳಬಹುದೇ?

ಪ್ರಶ್ನೆ: ತಂಗಿಯ ಮದುವೆ ಹತ್ತಿರ ಬಂದಿದೆ. ಹುಡುಗ, ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಮಂತ್ರಗಳ ಅರ್ಥ ಗೊತ್ತಿಲ್ಲ. ವರಪೂಜೆಯಿಂದ ಅರುಂಧತಿ ದರ್ಶನದವರೆಗೆ ಪ್ರತಿ ಶಾಸ್ತ್ರದ ಅರ್ಥವನ್ನೂ ನಾಲ್ಕು ನಿಮಿಷದ ವಿಡಿಯೋದಲ್ಲಿ ಹೇಳಿ ಅವರಿಗೆ ಮೊದಲೇ ಕಳಿಸಬೇಕೆಂದಿದ್ದೇವೆ. ಹೇಗೆ ಮಾಡುವುದು?

ಉತ್ತರ: ಎಲ್ಲ ಶಾಸ್ತ್ರಗಳ ಹೆಸರು ಹೇಳಬಹುದು, ಎಲ್ಲದರ ಅರ್ಥ ಹೇಳಲಾಗದು. ಕನ್ನಡವನ್ನು ನಿಧಾನವಾಗಿ, ಕೇಳಿಸಿಕೊಳ್ಳುವ ಹಾಗೆ ಓದಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು. ಅಂದರೆ ನಿಮ್ಮ ಕೈಯಲ್ಲಿರುವುದು ನಾನೂರು ಪದ. ಅದನ್ನು ಇಪ್ಪತ್ತು ಶಾಸ್ತ್ರಗಳಿಗೆ ಹಂಚಿದರೆ ಒಂದಕ್ಕೆ ಎರಡು ಸಾಲೂ ಸಿಗುವುದಿಲ್ಲ. ಹಾಗಾಗಿ ವಧೂವರರು ತಾವೇ ಬಾಯಿಬಿಟ್ಟು ಏನಾದರೂ ಹೇಳಬೇಕಾದ, ಅಥವಾ ಒಬ್ಬರಿಗೊಬ್ಬರು ಮಾತು ಕೊಡುವ ಘಟ್ಟಗಳನ್ನು ಮಾತ್ರ ಆರಿಸಿಕೊಳ್ಳಿ: ಧಾರೆ, ಪಾಣಿಗ್ರಹಣ, ಲಾಜಾಹೋಮ ಮತ್ತು ಅದರೊಂದಿಗೆ ಬರುವ ಕಲ್ಲು ತುಳಿಸುವುದು, ಸಪ್ತಪದಿ. ಕಾಶಿಯಾತ್ರೆ, ಜೀರಿಗೆ ಬೆಲ್ಲ, ಆರತಿ ಎಲ್ಲ ಒಂದೊಂದು ದೃಶ್ಯವಾಗಿ ಹಾದುಹೋಗಲಿ. ಅವುಗಳಲ್ಲಿ ಏನು ನಡೆಯುತ್ತಿದೆ ಎಂಬುದು ನೋಡಿದರೇ ತಿಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಹಳೇ ಮೈಸೂರು ಕಡೆಯ ಸ್ಮಾರ್ತ ಮನೆಗಳ ವೈದಿಕ ಕ್ರಮ. ನಿಮ್ಮ ಮನೆಯದು ಬೇರೆಯಾಗಿದ್ದರೆ ಕೊನೆಯ ಪ್ಯಾರಾ ಮೊದಲು ಓದಿ.

ಧಾರೆಯಿಂದ ಶುರುಮಾಡಿ. ಎರಡೂ ಕಡೆಯ ಮುತ್ತಾತ, ತಾತ, ತಂದೆಯ ಹೆಸರು, ಗೋತ್ರ, ಪ್ರವರ ಹೇಳುವ ಹೊತ್ತಿಗೆ ಮಂಟಪದಲ್ಲಿ ಎಲ್ಲರ ಗಮನ ಫೋಟೊ ಕಡೆಗಿರುತ್ತದೆ. ಆದರೆ ಅದಾದ ಮೇಲೆ ಬರುವ ಒಂದು ಪ್ರಶ್ನೋತ್ತರವನ್ನು ತಪ್ಪಿಸಬಾರದು. ಹುಡುಗಿಯ ತಂದೆ ಹುಡುಗನಿಗೆ ಹೇಳುತ್ತಾರೆ: ‘ಧರ್ಮೇ ಚ ಅರ್ಥೇ ಚ ಕಾಮೇ ಚ ತ್ವಯೈಷಾ ನಾತಿಚರಿತವ್ಯಾ.’ ಧರ್ಮದಲ್ಲಿ, ಹಣಕಾಸಿನಲ್ಲಿ, ಬಯಕೆಯಲ್ಲಿ ಇವಳನ್ನು ಮೀರಿ ನಡೆಯಬಾರದು. ಹುಡುಗ ‘ನಾತಿಚರಾಮಿ’ ಅನ್ನಬೇಕು, ಮೀರುವುದಿಲ್ಲ ಎಂದು. ಪುರೋಹಿತರು ಹೇಳಿಕೊಟ್ಟದ್ದನ್ನು ಅರ್ಥವಾಗದೆ ಗೊಣಗಿ ಮುಗಿಸುವ ವರರೇ ಹೆಚ್ಚು. ವಿಡಿಯೋಗೆ ಒಂದೇ ಕೆಲಸ ಕೊಡುವುದಾದರೆ, ಅವನಿಗೆ ಈ ಪದವನ್ನು ಅರ್ಥಸಹಿತ ಬಾಯಿಪಾಠ ಮಾಡಿಸುವುದನ್ನೇ ನಾನು ಕೊಡುತ್ತೇನೆ. ಇದಕ್ಕೆ ಪೂರಾ ಒಂದು ನಿಮಿಷ ಇಡಿ.

ಮಾಂಗಲ್ಯಧಾರಣೆಗೆ ಹತ್ತು ಸೆಕೆಂಡು ಸಾಕು ಎಂದರೆ ಮನೆಯಲ್ಲಿ ಜಗಳವಾದೀತು, ಗೊತ್ತು. ಆದರೆ ‘ಮಾಂಗಲ್ಯಂ ತಂತುನಾನೇನ’ ಶ್ಲೋಕ ಎಲ್ಲರ ಕಿವಿಗೂ ಬಿದ್ದಿರುತ್ತದೆ, ವಾದ್ಯ ಜೋರಾಗುವುದೂ ಆಗಲೇ. ಬಿಡಿಸಿ ಹೇಳಬೇಕಾದದ್ದು ಪಾಣಿಗ್ರಹಣ. ‘ಗೃಭ್ಣಾಮಿ ತೇ ಸೌಭಗತ್ವಾಯ ಹಸ್ತಂ’ ಎನ್ನುವುದು ಋಗ್ವೇದದ ಹತ್ತನೆಯ ಮಂಡಲದ ಮದುವೆ ಸೂಕ್ತದ ಮಾತು. ಸೌಭಾಗ್ಯಕ್ಕಾಗಿ ನಿನ್ನ ಕೈ ಹಿಡಿಯುತ್ತೇನೆ, ನನ್ನ ಜೊತೆ ಮುಪ್ಪಿನವರೆಗೂ ಬಾಳು ಎಂದು ವರ ವಧುವಿಗೇ ನೇರವಾಗಿ ಹೇಳುತ್ತಾನೆ. ಇದನ್ನು ತೋರಿಸುವಾಗ ಕ್ಯಾಮೆರಾ ಕೈಗಳ ಮೇಲಿರಲಿ.

ಲಾಜಾಹೋಮದಲ್ಲಿ ಹುಡುಗಿಯ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಅರಳು ತುಂಬುತ್ತಾನೆ, ಅವಳು ಅದನ್ನು ಅಗ್ನಿಗೆ ಹಾಕುತ್ತಾಳೆ. ಗಂಡನಿಗೆ ದೀರ್ಘಾಯುಸ್ಸಿರಲಿ ಎಂಬುದು ಅಲ್ಲಿ ಅವಳ ಪ್ರಾರ್ಥನೆ. ಕಲ್ಲಿನ ಮೇಲೆ ಕಾಲಿಡಿಸುವಾಗ ‘ಅಶ್ಮೇವ ತ್ವಂ ಸ್ಥಿರಾ ಭವ’, ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲು ಎನ್ನುತ್ತಾರೆ. ಅಗ್ನಿಪ್ರದಕ್ಷಿಣೆ ಬರುವುದೂ ಈ ಹೋಮದ ಜೊತೆಗೇ.

ಈ ಬಗೆಯ ವಿಡಿಯೋಗಳು ಎಡವುವುದು ಸಪ್ತಪದಿಯಲ್ಲೇ. ಉತ್ತರ ಭಾರತದ ಏಳು ಫೇರಾ ದೃಶ್ಯ ಹಾಕಿ ಅದನ್ನೇ ಸಪ್ತಪದಿ ಅನ್ನುತ್ತಾರೆ, ಆ ಕಡೆಯ ಏಳು ವಚನಗಳನ್ನು ಕನ್ನಡಕ್ಕಿಳಿಸಿ ಓದುತ್ತಾರೆ. ನಮ್ಮಲ್ಲಿ ಸಪ್ತಪದಿ ಎಂದರೆ ಬೆಂಕಿ ಸುತ್ತುವುದಲ್ಲ. ಅಗ್ನಿಯ ಪಕ್ಕದಲ್ಲಿ ಅಕ್ಕಿಯ ಏಳು ಪುಟ್ಟ ಗುಡ್ಡೆ ಇಟ್ಟು, ವಧುವಿನ ಬಲಗಾಲನ್ನು ಒಂದೊಂದರ ಮೇಲೂ ಇಡಿಸುತ್ತಾ ಏಳು ಹೆಜ್ಜೆ ಮುಂದೆ ನಡೆಸುವುದು. ಈ ಒಂದು ದೃಶ್ಯವನ್ನು ಮನೆಯ ಹಜಾರದಲ್ಲೇ, ಅಕ್ಕಿ ಇಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದು ತೆಗೆದುಕೊಳ್ಳಿ. ಇಂಟರ್‌ನೆಟ್‌ನಲ್ಲಿ ಸಿಗುವ ತುಣುಕು ಬೇಡ.

ಹೆಜ್ಜೆಗಳ ಅರ್ಥವೂ ಎಲ್ಲ ಮನೆಗೆ ಒಂದೇ ಅಲ್ಲ. ಮನೆತನ ಯಾವ ಸೂತ್ರವನ್ನು, ಅಂದರೆ ಶಾಸ್ತ್ರಗಳ ವಿಧಿ ಹೇಳುವ ಯಾವ ಹಳೆಯ ಗ್ರಂಥವನ್ನು ಅನುಸರಿಸುತ್ತದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಆಶ್ವಲಾಯನ ಸೂತ್ರದ ಋಗ್ವೇದಿಗಳಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಮಕ್ಕಳಿಗೆ, ಆರನೆಯದು ಋತುಗಳಿಗೆ. ಏಳನೆಯದಕ್ಕೆ ‘ಸಖಾ ಸಪ್ತಪದೀ ಭವ’, ಗೆಳತಿಯಾಗು. ಆಪಸ್ತಂಬ ಸೂತ್ರದ ಯಜುರ್ವೇದಿಗಳಲ್ಲಿ ಮೂರನೆಯದು ವ್ರತಕ್ಕೆ, ಐದನೆಯದು ಪಶುಸಂಪತ್ತಿಗೆ. ಏಳು ಹೆಜ್ಜೆ ಮುಗಿದ ಮೇಲೆ ವರ ಇನ್ನೂ ಒಂದಷ್ಟು ಹೇಳುತ್ತಾನೆ: ನಿನ್ನ ಸ್ನೇಹ ನನಗೆ ಸಿಗಲಿ, ಆ ಸ್ನೇಹದಿಂದ ನಾನು ದೂರವಾಗದಿರಲಿ, ನೀನೂ ನನ್ನ ಸ್ನೇಹದಿಂದ ದೂರವಾಗಬೇಡ. ಇಡೀ ಮದುವೆಯಲ್ಲಿ ಈಗಿನ ಹುಡುಗ ಹುಡುಗಿಗೆ ಯಾವ ವ್ಯಾಖ್ಯಾನವೂ ಇಲ್ಲದೆ ಮನಸ್ಸಿಗೆ ತಾಗುವ ಮಾತು ಇದು. ಒಂದು ನಿಮಿಷ ಇದಕ್ಕೇ ಹೋದರೂ ನಷ್ಟವಿಲ್ಲ.

ಸೂತ್ರ ಬದಲಾದರೆ ಕ್ರಮವೂ ಬದಲಾಗುತ್ತದೆ. ಆಶ್ವಲಾಯನರಲ್ಲಿ ಲಾಜಾಹೋಮ ಮೊದಲು, ಸಪ್ತಪದಿ ಆಮೇಲೆ. ಆಪಸ್ತಂಬರಲ್ಲಿ ಪಾಣಿಗ್ರಹಣವಾದ ಕೂಡಲೇ ಸಪ್ತಪದಿ, ಅರಳು ಹಾಕುವುದು ಅದಾದ ಮೇಲೆ. ವಿಡಿಯೋದಲ್ಲಿ ಒಂದು ಕ್ರಮ, ಮಂಟಪದಲ್ಲಿ ಇನ್ನೊಂದು ಕ್ರಮ ಆದರೆ ವಧೂವರರಿಗೆ ಗೊಂದಲವೇ. ಹಾಗಾಗಿ ಮದುವೆ ಮಾಡಿಸುವ ಪುರೋಹಿತರನ್ನೇ ಕೇಳಿ: ‘ಗುರುಗಳೇ, ಯಾವ ಸೂತ್ರದ ಪ್ರಕಾರ ಮಾಡಿಸ್ತೀರಿ? ಸಪ್ತಪದಿ ಯಾವಾಗ ಬರುತ್ತೆ?’ ಎರಡು ಮನೆಯವರ ಸೂತ್ರ ಬೇರೆಯಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. ಬರೆದದ್ದನ್ನು ರೆಕಾರ್ಡ್ ಮಾಡುವ ಮೊದಲು ಅವರಿಗೊಮ್ಮೆ ಓದಿ ಹೇಳಿ.

ಇನ್ನೊಂದು ವಿಷಯ. ಕಾಲುಂಗುರದ ನರ ಗರ್ಭಕೋಶಕ್ಕೆ ಹೋಗುತ್ತದೆ ಎಂಬಂಥ ‘ವೈಜ್ಞಾನಿಕ ಕಾರಣ’ಗಳನ್ನು ದಯವಿಟ್ಟು ಬಿಡಿ. ಮಂತ್ರದಲ್ಲಿ ಅಂಥದ್ದೇನಿಲ್ಲ, ಇಂಥ ಒಂದು ಮಾತು ಸುಳ್ಳೆಂದು ಗೊತ್ತಾದರೆ ಆ ಹುಡುಗರು ಉಳಿದದ್ದನ್ನೂ ನಂಬುವುದಿಲ್ಲ. ತೂಕ ಬೇಕೆನಿಸಿದರೆ ಕಾನೂನಿನ ಒಂದು ಸಾಲು ಸೇರಿಸಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಮನೆಯ ಸಂಪ್ರದಾಯದಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೇ ಮದುವೆ ಪೂರ್ಣ. ಶಾಸ್ತ್ರ ನಡೆಸದೆ ನೋಂದಣಿ ಪತ್ರ ಮಾತ್ರ ಪಡೆದರೆ ಅದು ಮದುವೆಯಾಗುವುದಿಲ್ಲ ಎಂದು 2024ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠವೂ ಹೇಳಿದೆ. ಊಟದ ಹೊತ್ತಾಯಿತೆಂದು ಸಪ್ತಪದಿಯನ್ನು ಓಡಿಸುವ ಹಿರಿಯರಿಗೂ ಈ ಸಾಲು ತೋರಿಸಬಹುದು.

ನಿಮ್ಮ ಮನೆಯಲ್ಲಿ ಹೋಮ, ಸಪ್ತಪದಿ ಇಲ್ಲದೆ ಧಾರೆ ಎರೆದು ತಾಳಿ ಕಟ್ಟಿಸುವ ಪದ್ಧತಿಯಿದ್ದರೆ, ಇಲ್ಲದ್ದನ್ನು ವಿಡಿಯೋಗೆ ತುರುಕಬೇಡಿ. ಅದೇ ಕಾಯ್ದೆ ಎರಡು ಕಡೆಯಲ್ಲಿ ಯಾರದೇ ರೂಢಿಯ ಪ್ರಕಾರ ನಡೆದ ಮದುವೆಯನ್ನೂ ಒಪ್ಪುತ್ತದೆ. ಅಂಥ ಮನೆಗಳಲ್ಲಿ ಶಾಸ್ತ್ರದ ಅರ್ಥ ಪುಸ್ತಕದಲ್ಲಿ ಸಿಗುವುದು ಕಡಿಮೆ. ಧಾರೆಯ ನೀರು ಯಾರು ಎರೆಯಬೇಕು, ಸೋದರಮಾವನ ಪಾಲು ಏನು, ಹಂದರಗಂಬಕ್ಕೆ ಯಾವ ಮರ ಎಂದು ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿ ಕೇಳಿ, ಅವರು ಹೇಳುವುದನ್ನೇ ಅವರ ದನಿಯಲ್ಲೇ ವಿಡಿಯೋಗೆ ಹಾಕಿ.